ಆ ಒಂದು ವಾಕ್ಯ ಬಾಯಿಂದ ಬಂದರಷ್ಟೇ ಮದುವೆ: ಮಾತು ಕೆಲಸವಾಗುವ ಬಗೆ

1954ರ ವಿಶೇಷ ವಿವಾಹ ಕಾಯ್ದೆಯ 12ನೇ ಕಲಂ ವಧೂವರರಿಗೆ ಬಹಳ ಸ್ವಾತಂತ್ರ್ಯ ಕೊಡುತ್ತದೆ. ಮದುವೆಯನ್ನು ಯಾವ ರೀತಿಯಲ್ಲಿ ಬೇಕಾದರೂ ಮಾಡಿಕೊಳ್ಳಿ ಎನ್ನುತ್ತದೆ. ಹಾರ ಬೇಕಿದ್ದರೆ ಹಾಕಿಕೊಳ್ಳಬಹುದು, ತಾಳಿ ಬೇಕಿದ್ದರೆ ಕಟ್ಟಬಹುದು, ಎರಡೂ ಬೇಡವೆಂದರೆ ಬಿಡಬಹುದು. ಆದರೆ ಕೊನೆಗೆ ಒಂದು ಷರತ್ತು ಹಾಕುತ್ತದೆ. ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ಇಬ್ಬರಿಗೂ ಅರ್ಥವಾಗುವ ಯಾವುದೇ ಭಾಷೆಯಲ್ಲಿ, ಒಬ್ಬರು ಇನ್ನೊಬ್ಬರಿಗೆ ಒಂದು ಮಾತು ಹೇಳಲೇಬೇಕು. ಹೇಳದಿದ್ದರೆ ಮದುವೆ ಪೂರ್ಣವಾಗುವುದಿಲ್ಲ, ಇಬ್ಬರಿಗೂ ಬದ್ಧವೂ ಆಗುವುದಿಲ್ಲ. ಆ ಮಾತು ಕನ್ನಡದಲ್ಲಿ ಹೆಚ್ಚುಕಡಿಮೆ ಹೀಗಿರುತ್ತದೆ: "ನಾನು, ಇಂಥವನು, ಇಂಥವಳಾದ ನಿನ್ನನ್ನು ನನ್ನ ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ." ಹುಡುಗಿಯೂ ಹಾಗೆಯೇ ಹೇಳಬೇಕು, ಪತ್ನಿಯ ಜಾಗದಲ್ಲಿ ಪತಿ.

ಈ ವಾಕ್ಯ ಏನನ್ನು ತಿಳಿಸುತ್ತಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ಹೊರಗೆ ಮಳೆ ಬರುತ್ತಿದೆ" ಎಂದರೆ ಕಿಟಕಿಯಾಚೆ ನೋಡಿ ಹೌದೋ ಅಲ್ಲವೋ ಹೇಳಬಹುದು. "ಸ್ವೀಕರಿಸುತ್ತೇನೆ" ಎಂದಾಗ ಹೋಲಿಸಿ ನೋಡಲು ಹೊರಗೆ ಏನೂ ಇಲ್ಲ. ಸ್ವೀಕಾರ ಎಂಬುದು ಬೇರೆಲ್ಲೋ ನಡೆದು ಈ ವಾಕ್ಯ ಅದರ ಸುದ್ದಿ ಹೇಳುತ್ತಿಲ್ಲ. ವಾಕ್ಯವೇ ಸ್ವೀಕಾರ. ಅದು ಮುಗಿಯುವ ಮೊದಲು ಇಬ್ಬರೂ ಅವಿವಾಹಿತರು, ಎರಡೂ ಕಡೆಯ ಮಾತು ಮುಗಿದ ಮೇಲೆ ಗಂಡ ಹೆಂಡತಿ.

ಇಂಥ ಮಾತುಗಳನ್ನು ಬೇರೆಯಾಗಿ ಗುರುತಿಸಿ, ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೆಡುತ್ತವೆ ಎಂದು ಬಿಡಿಸಿಟ್ಟವರು ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್. 1955ರಲ್ಲಿ ಅವರು ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳು ಅವರು ತೀರಿಕೊಂಡ ಎರಡು ವರ್ಷಗಳ ನಂತರ, 1962ರಲ್ಲಿ, ಪುಸ್ತಕವಾಗಿ ಬಂದವು. ಹೇಳುವುದೇ ಮಾಡುವುದಾಗಿರುವ ವಾಕ್ಯಕ್ಕೆ ಅವರು ಪರ್ಫಾರ್ಮೆಟಿವ್ ಎಂದು ಹೆಸರಿಟ್ಟರು. ಇಲ್ಲಿ ಅದನ್ನು ಮಾಡುಮಾತು ಎನ್ನೋಣ. ಇದ್ದದ್ದನ್ನು ತಿಳಿಸುವ, ನಿಜ ಅಥವಾ ಸುಳ್ಳು ಆಗಬಲ್ಲ ವಾಕ್ಯ ಹೇಳುಮಾತು. ಆಸ್ಟಿನ್ ಕೊಟ್ಟ ಮೊದಲ ಉದಾಹರಣೆಗಳಲ್ಲೂ ಮದುವೆ ಇದೆ. ಹಡಗಿಗೆ ಹೆಸರಿಡುವುದು, ಉಯಿಲಿನಲ್ಲಿ ಗಡಿಯಾರ ಬರೆದುಕೊಡುವುದು, ನಾಳೆ ಮಳೆ ಬರುತ್ತದೆಂದು ಬಾಜಿ ಕಟ್ಟುವುದು ಉಳಿದವು. ಅವರು ಬಳಸಿದ ಇಂಗ್ಲಿಷ್ ಮದುವೆಯ ಮಾತು ಅಲ್ಲಿನ ಚರ್ಚಿನ ವಿಧಿಯಲ್ಲಿ ಇರುವ ಮಾತೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಸಂಪಾದಕರು ಅದನ್ನು ಅಡಿಟಿಪ್ಪಣಿಯಲ್ಲಿ ಹೇಳಿದ್ದಾರೆ. ನಮ್ಮ 12ನೇ ಕಲಂ ಅವರ ಸಿದ್ಧಾಂತಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ. ಯಾವ ಮಾತು, ಯಾರು ಯಾರಿಗೆ, ಯಾರೆದುರು ಹೇಳಬೇಕು, ಹೇಳದಿದ್ದರೆ ಏನು ಎಂಬುದನ್ನೆಲ್ಲ ಅದು ಒಂದೇ ಕಡೆ ಬರೆದಿಟ್ಟಿದೆ.

ಮಾಡುಮಾತನ್ನು ಕಿವಿಯಿಂದ ಗುರುತಿಸುವುದು ಹೇಗೆ? ಇಂಗ್ಲಿಷಿನಲ್ಲಿ ಆಸ್ಟಿನ್ ಕಂಡ ಮಾದರಿ ರೂಪ ಉತ್ತಮ ಪುರುಷ, ಏಕವಚನ, ವರ್ತಮಾನ ಕಾಲ. ಕನ್ನಡದಲ್ಲೂ ಸಭೆ, ಕಚೇರಿ, ಪತ್ರಗಳ ಭಾಷೆ ಹಾಗೆಯೇ ಇದೆ: ಉದ್ಘಾಟಿಸುತ್ತೇನೆ, ಘೋಷಿಸುತ್ತೇನೆ, ರಾಜೀನಾಮೆ ನೀಡುತ್ತೇನೆ. ಆದರೆ ಬಾಯಿಮಾತಿನ ಕನ್ನಡ ಬೇರೆ ದಾರಿ ಹಿಡಿಯುತ್ತದೆ. ಚೌಕಾಸಿ ಮುಗಿದಾಗ ತರಕಾರಿಯವಳು "ಹೋಗ್ಲಿ ತಗೊಳ್ಳಿ, ನಲವತ್ತಕ್ಕೆ ಕೊಟ್ಟೆ" ಎನ್ನುತ್ತಾಳೆ. ಸೊಪ್ಪು ಇನ್ನೂ ಅವಳ ಬುಟ್ಟಿಯಲ್ಲೇ ಇದೆ, ದುಡ್ಡು ನಿಮ್ಮ ಜೇಬಿನಲ್ಲೇ ಇದೆ, ಕ್ರಿಯಾಪದ ಮಾತ್ರ ಭೂತಕಾಲದಲ್ಲಿದೆ. ಆ "ಕೊಟ್ಟೆ" ಹಿಂದೆ ನಡೆದದ್ದರ ವರದಿಯಲ್ಲ. ವ್ಯಾಪಾರ ಕುದುರಿದ್ದು ಆ ಕ್ಷಣದಲ್ಲಿ, ಆ ಮಾತಿನಿಂದಲೇ. ವಾದದಲ್ಲಿ "ಸರಿ, ಒಪ್ಪಿದೆ" ಎಂದರೆ ಒಪ್ಪುವ ಕೆಲಸ ಅಲ್ಲಿಗೆ ಮುಗಿಯಿತು. "ಮಾತು ಕೊಟ್ಟೆ", "ಸೋತೆ", "ಬಡ್ಡಿ ಬಿಟ್ಟೆ" ಎಲ್ಲವೂ ಇದೇ ಜಾತಿಯವು. ಆಡಿದೊಡನೆ ಕೆಲಸ ಮುಗಿಯಿತು ಎಂಬ ಭಾವವನ್ನು ಕನ್ನಡ ಭೂತಕಾಲದ ಪ್ರತ್ಯಯದಲ್ಲೇ ಇಟ್ಟಿದೆ. ಇಂಗ್ಲಿಷ್ ಪಠ್ಯಗಳ ವ್ಯಾಕರಣ ಪರೀಕ್ಷೆಯನ್ನು ಹಾಗೆಹಾಗೇ ಕನ್ನಡಕ್ಕೆ ಹಚ್ಚಿದರೆ ಇವೆಲ್ಲ ಜರಡಿಯಿಂದ ಜಾರಿ ಹೋಗುತ್ತವೆ. ಕಚೇರಿಯ ಬೋರ್ಡಿನ "ಧೂಮಪಾನ ನಿಷೇಧಿಸಲಾಗಿದೆ" ಕೂಡ ಹೀಗೆಯೇ: ಮಾಡುವವರ ಹೆಸರಿಲ್ಲ, ಕಾಲ ಮುಗಿದದ್ದು, ಆದರೆ ನಿಷೇಧ ಹೇರುತ್ತಿರುವುದು ಆ ಬೋರ್ಡೇ.

ಹಾಗಾಗಿ ರೂಪಕ್ಕಿಂತ ಹೆಚ್ಚು ಭರವಸೆಯ ಪರೀಕ್ಷೆ ಇನ್ನೊಂದಿದೆ. ಕ್ರಿಯಾಪದವನ್ನು ಬಾಯಲ್ಲಿ ಆಡಿದ ಮಾತ್ರಕ್ಕೆ ಆ ಕ್ರಿಯೆ ನಡೆದುಬಿಡುತ್ತದೆಯೇ ಎಂದು ನೋಡಬೇಕು. "ನಿನ್ನನ್ನು ಎಚ್ಚರಿಸುತ್ತಿದ್ದೇನೆ" ಎಂದರೆ ಎಚ್ಚರಿಸಿದಂತಾಯಿತು, ಕೇಳಿದವನು ಲೆಕ್ಕಿಸದೆ ಹೋದರೂ ಸರಿ. "ನಿನ್ನನ್ನು ಹೆದರಿಸುತ್ತಿದ್ದೇನೆ" ಎಂದರೆ ಹೆದರಿಸಿದಂತಾಗುವುದಿಲ್ಲ. ಹೆದರಿಕೆ ಹುಟ್ಟಬೇಕಾದದ್ದು ಅವನ ಎದೆಯಲ್ಲಿ, ಅವನು ನಕ್ಕರೆ ಕೆಲಸ ನಡೆಯಲಿಲ್ಲ. ಆಸ್ಟಿನ್ ಇದರಿಂದಲೇ ಪ್ರತಿ ಮಾತಿನಲ್ಲೂ ಮೂರು ಪದರ ಕಂಡರು: ಹೇಳಿದ್ದು, ಹೇಳುತ್ತ ಮಾಡಿದ್ದು, ಹೇಳಿದ್ದರಿಂದ ಆದದ್ದು. ಮದುವೆಯ ಮೇಜಿನ ಮುಂದೆ ಹುಡುಗ ಕೆಲವು ಕನ್ನಡ ಪದಗಳನ್ನು ಅರ್ಥವಿಟ್ಟು ಉಚ್ಚರಿಸಿದ, ಇದು ಮೊದಲನೆಯದು. ಹಾಗೆ ಉಚ್ಚರಿಸುತ್ತ ಅವಳನ್ನು ಪತ್ನಿಯಾಗಿ ಸ್ವೀಕರಿಸಿದ, ಇದು ಎರಡನೆಯದು. ಅದನ್ನು ಕೇಳಿ ಅವಳ ಕಣ್ಣು ತುಂಬಿತು, ಸಾಕ್ಷಿಯಾಗಿ ಬಂದ ಗೆಳೆಯನಿಗೆ ನಿರಾಳವಾಯಿತು, ಇದು ಮೂರನೆಯದು. ಮೂರನೆಯದು ಆಗಬಹುದು, ಆಗದಿರಬಹುದು. ಮದುವೆ ನಿಂತಿರುವುದು ಎರಡನೆಯದರ ಮೇಲೆ, ಮತ್ತು ಎರಡನೆಯದು ನಡೆಯಬೇಕಾದರೆ ಮಾತಿನ ಸುತ್ತ ಬೇರೆ ಏನೇನೋ ಸರಿಯಾಗಿರಬೇಕು.

ಆ ಸುತ್ತಲಿನ ಏರ್ಪಾಟನ್ನು ಹತ್ತಿರದಿಂದ ನೋಡೋಣ. ಮೊದಲು ಇಬ್ಬರೂ ಸೇರಿ ವಿವಾಹಾಧಿಕಾರಿಗೆ ಲಿಖಿತ ನೋಟಿಸು ಕೊಡಬೇಕು. ಯಾವ ಜಿಲ್ಲೆಯ ಅಧಿಕಾರಿಗೆ ಕೊಡುತ್ತಾರೋ ಅಲ್ಲಿ ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚಿನ 30 ದಿನ ವಾಸವಿದ್ದಿರಬೇಕು. ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಅಂಟಿಸುತ್ತಾರೆ. ಮತ್ತೆ 30 ದಿನ ಆಕ್ಷೇಪಣೆಗೆ ಅವಕಾಶ. ಆ ಅವಧಿ ಕಳೆದ ಮೇಲೆ, ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳ ಒಳಗೆ ಮದುವೆ ನಡೆಯಬೇಕು. ಮೂರು ತಿಂಗಳು ದಾಟಿದರೆ ನೋಟಿಸು ಬಿದ್ದುಹೋಗುತ್ತದೆ, ಹೊಸದು ಕೊಡುವವರೆಗೆ ಅಧಿಕಾರಿ ಮದುವೆ ನಡೆಸುವಂತಿಲ್ಲ. ನಿಗದಿಯಾದ ದಿನ ವಧೂವರರು ಮತ್ತು ಮೂವರು ಸಾಕ್ಷಿಗಳು ಅಧಿಕಾರಿಯ ಎದುರು ಘೋಷಣಾ ಪತ್ರಕ್ಕೆ ಸಹಿ ಹಾಕುತ್ತಾರೆ. ಆಮೇಲೆ ಬರುತ್ತದೆ ಆ ವಾಕ್ಯ. ಕೊನೆಗೆ ಅಧಿಕಾರಿ ಪ್ರಮಾಣಪತ್ರದ ಪುಸ್ತಕದಲ್ಲಿ ನಮೂದಿಸಿ, ಇಬ್ಬರ ಮತ್ತು ಮೂವರು ಸಾಕ್ಷಿಗಳ ಸಹಿ ತೆಗೆದುಕೊಳ್ಳುತ್ತಾರೆ.

ಮಾಡುಮಾತು ಕೆಡುವುದಕ್ಕೆ ಆಸ್ಟಿನ್ ಗುರುತಿಸಿದ ಮೊದಲ ಕಾರಣ ಬಲು ಸರಳ: ಅಂಥ ಮಾತಿಗೆ ಅಂಥ ಫಲ ಎಂಬ ರೂಢಿಯೇ ಇಲ್ಲದಿರುವುದು. ಇದಕ್ಕೆ ನಮ್ಮ ಗಡಿಯಲ್ಲೇ ಸ್ಪಷ್ಟವಾದ ಉದಾಹರಣೆ ಇದೆ. ಹಿಂದೂ ವಿವಾಹ ಕಾಯ್ದೆಗೆ ತಮಿಳುನಾಡು 1967ರ ತಿದ್ದುಪಡಿಯಲ್ಲಿ 7ಎ ಎಂಬ ಕಲಂ ಸೇರಿಸಿಕೊಂಡಿತು. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆ ಮಾನ್ಯತೆ ಕೊಡುವುದು ಅದರ ಉದ್ದೇಶ. ಇಬ್ಬರು ಹಿಂದೂಗಳು ಬಂಧುಗಳು, ಗೆಳೆಯರು ಅಥವಾ ಬೇರೆಯವರ ಎದುರು, ತಮಗೆ ತಿಳಿಯುವ ಭಾಷೆಯಲ್ಲಿ, ನಿನ್ನನ್ನು ಪತ್ನಿಯಾಗಿ, ನಿನ್ನನ್ನು ಪತಿಯಾಗಿ ಸ್ವೀಕರಿಸುತ್ತೇನೆ ಎಂದು ಹೇಳಿಕೊಂಡರೆ ಆ ಕಲಂ ಪ್ರಕಾರ ಮದುವೆ ಆಯಿತು. ಹಾರ ಬದಲಿಸಿಕೊಂಡರೂ, ತಾಳಿ ಕಟ್ಟಿದರೂ ಆಯಿತು. ಹೊಸೂರಿನ ಮನೆಯೊಂದರಲ್ಲಿ ಇಬ್ಬರು ಈ ಮಾತು ಆಡಿದರೆ ಅದು ಮದುವೆ. ಕೆಲವೇ ಕಿಲೋಮೀಟರ್ ಈಚೆ ಅತ್ತಿಬೆಲೆಯ ಮನೆಯಲ್ಲಿ ಅದೇ ಪದಗಳನ್ನು, ಅದೇ ಮನಸ್ಸಿನಿಂದ, ಅಷ್ಟೇ ಜನರ ಎದುರು ಆಡಿದರೆ ಆ ಮಾತೊಂದರಿಂದಲೇ ಮದುವೆಯಾಗದು, ಏಕೆಂದರೆ ಕರ್ನಾಟಕದಲ್ಲಿ 7ಎ ಇಲ್ಲ. ಪದಗಳಲ್ಲಾಗಲಿ, ಹೇಳಿದವರ ಪ್ರೀತಿಯಲ್ಲಾಗಲಿ ವ್ಯತ್ಯಾಸವಿಲ್ಲ. ಆ ಪದಗಳಿಗೆ ಆ ಶಕ್ತಿ ಕೊಡುವ ಏರ್ಪಾಟು ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಮಾತಿಗೆ ಶಕ್ತಿ ಬರುವುದು ಅದರ ಅರ್ಥದಿಂದ ಮಾತ್ರವಲ್ಲ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ.

ಸಪ್ತಪದಿಯ ಜೊತೆ ಹೋಲಿಸಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ, ವಿಧಿಯಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಅಲ್ಲಿ ಕಾನೂನು ನೋಡುತ್ತಿರುವುದು ಕಾಲನ್ನು, ವಿಶೇಷ ವಿವಾಹದಲ್ಲಿ ನೋಡುವುದು ಬಾಯನ್ನು. ಯಾವುದು ಮದುವೆ ಎನಿಸಬೇಕೆಂದು ಸಮಾಜವೂ ಕಾನೂನೂ ಮೊದಲೇ ಗೊತ್ತುಮಾಡಿಟ್ಟಿರುತ್ತವೆ, ಆಡಿದ ಮಾತು ಅಥವಾ ಇಟ್ಟ ಹೆಜ್ಜೆ ಆ ಬೀಗಕ್ಕೆ ಹೊಂದುವ ಕೀಲಿ ಅಷ್ಟೆ.

ರೂಢಿ ಇದ್ದರೂ ಆಡುವವರು ತಕ್ಕವರಾಗಿರಬೇಕು. ವಿಶೇಷ ವಿವಾಹ ಕಾಯ್ದೆಯ 4ನೇ ಕಲಂ ಇದನ್ನು ಪಟ್ಟಿ ಮಾಡಿದೆ. ಇಬ್ಬರಲ್ಲಿ ಯಾರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು, ಮದುವೆಗೆ ಒಪ್ಪಿಗೆ ಕೊಡುವಷ್ಟು ಮನಸ್ಸಿನ ಸ್ವಾಸ್ಥ್ಯ ಇರಬೇಕು, ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ನಿಷಿದ್ಧ ಸಂಬಂಧದವರಾಗಿರಬಾರದು. ಮೊದಲ ಹೆಂಡತಿ ಬದುಕಿರುವಾಗ, ವಿಚ್ಛೇದನವೂ ಆಗದೆ ಇರುವಾಗ, ಒಬ್ಬ ಬಂದು ಸ್ಪಷ್ಟ ಕನ್ನಡದಲ್ಲಿ, ಮೂವರು ಸಾಕ್ಷಿಗಳ ಎದುರು, ಒಂದಕ್ಷರ ತಪ್ಪದೆ ವಾಕ್ಯ ಹೇಳಿದ ಎನ್ನಿ. ಏನು ನಡೆಯಿತು? 24ನೇ ಕಲಂ ಪ್ರಕಾರ ಆ ಮದುವೆ ಅನೂರ್ಜಿತ. ಅವನ ವಾಕ್ಯವನ್ನು ಸುಳ್ಳು ಎನ್ನಲು ಬರುವುದಿಲ್ಲ, ಏಕೆಂದರೆ ಅದು ಏನನ್ನೂ ತಿಳಿಸುತ್ತಿರಲಿಲ್ಲ. ಅದು ಗುರಿ ತಪ್ಪಿದ ಮಾತು. ಆಸ್ಟಿನ್ ಈ ಬಗೆಯ ಕೆಡುಕಿಗೆ ಇಟ್ಟ ಹೆಸರು ಕೂಡ ಬಂದೂಕಿಗೆ ಸಂಬಂಧಿಸಿದ್ದು: ಕುದುರೆ ಎಳೆದರೂ ಗುಂಡು ಹಾರಲಿಲ್ಲ.

ಮುಂದಿನದು ಸರಿಯಾಗಿ ಮತ್ತು ಪೂರ್ತಿಯಾಗಿ ನಡೆಸುವುದು. ಪೂರ್ತಿ ಎಂಬುದನ್ನು ತಪ್ಪು ತಿಳಿಯುವವರು ಹೆಚ್ಚು. ಹುಡುಗ ಹೇಳಿದ, ಹುಡುಗಿ ನಾಚಿ ತಲೆ ತಗ್ಗಿಸಿದಳು, ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಕಲಂ ಹೇಳುವುದು ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕೆಂದು. ಅವಳ ವಾಕ್ಯ ಬಾರದೆ ಕೆಲಸ ಅರ್ಧಕ್ಕೆ ನಿಂತಿದೆ. ಒಬ್ಬನೇ ಕಟ್ಟಿದ ಬಾಜಿಯ ಹಾಗೆ: "ನೂರು ರೂಪಾಯಿ ಬಾಜಿ" ಎಂದು ಕೂಗಿದರೆ ಸಾಲದು, ಎದುರಿನವನು "ಆಯ್ತು" ಎನ್ನಬೇಕು. ಒಬ್ಬರ ಮಾತು ಇನ್ನೊಬ್ಬರನ್ನು ಮುಟ್ಟಬೇಕು, ಇಂಥ ಕೆಲಸ ನಡೆಯುತ್ತಿದೆ ಎಂದು ಅವರು ತಿಳಿದುಕೊಳ್ಳಬೇಕು. ಅರ್ಥವಾಗುವ ಭಾಷೆಯಲ್ಲಿ ಎಂಬ ಷರತ್ತು ಬಂದಿರುವುದು ಇದಕ್ಕೇ. ಮನೆಯಲ್ಲಿ ತುಳು ಆಡುವ ಹುಡುಗಿ, ಕನ್ನಡದ ಹುಡುಗ, ಕಚೇರಿಯಲ್ಲಿ ಇಂಗ್ಲಿಷಿನ ಮುದ್ರಿತ ಹಾಳೆ ಇದ್ದಾಗ, ಇಬ್ಬರಲ್ಲಿ ಒಬ್ಬರಿಗೆ ತಿಳಿಯದ ವಾಕ್ಯವನ್ನು ಗಿಳಿಪಾಠ ಒಪ್ಪಿಸುವುದು ತಪ್ಪು ದಾರಿ. ಕನ್ನಡದಲ್ಲೋ ತುಳುವಿನಲ್ಲೋ, ಇಬ್ಬರಿಗೂ ತಿಳಿಯುವ ನುಡಿಯಲ್ಲಿ ಹೇಳಿಕೊಳ್ಳುವ ಹಕ್ಕು ಅವರಿಗೆ ಇದೆ. ಅವಳು "ನಿನ್ನನ್ನು" ಎನ್ನುವ ಬದಲು "ನಿಮ್ಮನ್ನು" ಎಂದರೆ? ಏನೂ ಕೆಡುವುದಿಲ್ಲ. ಅದು ಗೌರವದ ಮಾತು, ಯಾರು ಯಾರನ್ನು ಏನಾಗಿ ಸ್ವೀಕರಿಸುತ್ತಿದ್ದಾರೆ ಎಂಬುದು ಬದಲಾಗಲಿಲ್ಲ. ಆದರೆ "ಸ್ವೀಕರಿಸಿದ್ದೇನೆ" ಎಂದರೆ ಎಚ್ಚರ ವಹಿಸಬೇಕು. ಆ ಇದ್ದೇನೆ ಸೇರಿದೊಡನೆ ಮಾತು ಹಿಂದೆಲ್ಲೋ ನಡೆದದ್ದರ ವರದಿಯಾಗಿ ಕೇಳುತ್ತದೆ. ಮಾಡುಮಾತು ಹೇಳುಮಾತಾಗಲು ಒಂದು ಪ್ರತ್ಯಯ ಸಾಕು.

ಅರ್ಧ ಗಂಟೆ ಮುಂಚೆ ಹೊರಗಿನ ಬೆಂಚಿನಲ್ಲಿ ಕೂತು ಅದೇ ವಾಕ್ಯವನ್ನು ಇಬ್ಬರೂ ಅಭ್ಯಾಸ ಮಾಡಿದರೆ ಮದುವೆಯಾಗುವುದಿಲ್ಲ. ನಾಟಕದಲ್ಲಿ ಹೇಳಿದರೂ ಆಗುವುದಿಲ್ಲ. ಇಂಥ ಕಡೆ ಮಾತು ಬೇರೊಂದು ಮಾತಿನ ನೆರಳಾಗಿ ಬಳಕೆಯಾಗುತ್ತದೆ ಎಂದು ಆಸ್ಟಿನ್ ಅದನ್ನು ಪಕ್ಕಕ್ಕಿಟ್ಟರು. ಆಮೇಲಿನವರು ಇದರ ಮೇಲೆ ದೊಡ್ಡ ಚರ್ಚೆ ನಡೆಸಿದ್ದಾರೆ, ಅದು ಬೇರೆಯೇ ಲೇಖನವಾದೀತು.

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು, ಏಕೆಂದರೆ ಇದರಿಂದ ಜನರಿಗೆ ನಿಜವಾದ ತೊಂದರೆಯಾಗಿದೆ. ನಾವು "ರಿಜಿಸ್ಟರ್ ಮದುವೆ" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳನ್ನು ಕರೆಯುತ್ತೇವೆ. ಒಂದು, ವಿವಾಹಾಧಿಕಾರಿಯ ಎದುರು ಮೇಲೆ ಹೇಳಿದಂತೆ ಮದುವೆಯನ್ನೇ ಮಾಡಿಕೊಳ್ಳುವುದು. ಇನ್ನೊಂದು, ಛತ್ರದಲ್ಲೋ ದೇವಸ್ಥಾನದಲ್ಲೋ ಈಗಾಗಲೇ ಆದ ಮದುವೆಯನ್ನು ನೋಂದಣಿ ಮಾಡಿಸುವುದು. ಮೊದಲನೆಯದು ಮಾಡುಮಾತು, ಎರಡನೆಯದು ಹೇಳುಮಾತು. ಹಿಂದೂ ವಿವಾಹ ಕಾಯ್ದೆಯಡಿ ಕೊಡುವ ನೋಂದಣಿ ಪತ್ರ ಇಂಥ ದಿನ ಇಂಥಲ್ಲಿ ಮದುವೆ ಆಗಿದೆ ಎಂದು ತಿಳಿಸುತ್ತದೆ, ಮದುವೆಯನ್ನು ಉಂಟುಮಾಡುವುದಿಲ್ಲ. ವೀಸಾಕ್ಕೋ ಮನೆ ಬಾಡಿಗೆಗೋ ಅವಸರದಲ್ಲಿ ಪತ್ರ ಬೇಕೆಂದು, ವಿಧಿ ಯಾವುದೂ ನಡೆಯದೆ ನೋಂದಣಿ ಮಾಡಿಸಿ, "ಶಾಸ್ತ್ರೋಕ್ತ ಮದುವೆ ಮುಂದಿನ ವರ್ಷ" ಎಂದುಕೊಳ್ಳುವವರಿದ್ದಾರೆ. ಇಂಥದೇ ಒಂದು ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಿಧಿಗಳು ನಡೆಯದೆ ಬರೀ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಅವರು ಹಿಂದೂ ವಿವಾಹ ಕಾಯ್ದೆಯಡಿ ಗಂಡ ಹೆಂಡತಿ ಆಗುವುದಿಲ್ಲ ಎಂದಿತು. ವರದಿ ಮಾಡಬೇಕಾದ ಸಂಗತಿಯೇ ನಡೆದಿರಲಿಲ್ಲ, ಹಾಗಾಗಿ ವರದಿ ಸುಳ್ಳಾಯಿತು. ಹೇಳುಮಾತಿನ ಕೆಡುಕು ಎಂದರೆ ಅದೇ.

ಇಲ್ಲಿಯವರೆಗೆ ನೋಡಿದ್ದೆಲ್ಲ ಮಾತು ಫಲ ಕೊಡದೆ ಹೋಗುವ ಬಗೆ. ಎಲ್ಲ ಸರಿಯಿದ್ದು ಮನಸ್ಸು ಮಾತ್ರ ಜೊತೆಗಿಲ್ಲದಿದ್ದರೆ? ಹುಡುಗ ವಾಕ್ಯ ಹೇಳುವಾಗಲೇ, ಒಂದು ವರ್ಷದಲ್ಲಿ ಬಿಟ್ಟುಹೋಗುತ್ತೇನೆ ಎಂದು ಒಳಗೆ ತೀರ್ಮಾನಿಸಿಕೊಂಡಿದ್ದಾನೆ ಎನ್ನಿ. ಮಾತು ಮನಸ್ಸಿನ ಹೊರಗಿನ ಗುರುತು ಮಾತ್ರ ಎಂದು ನಂಬುವವರು ಇಲ್ಲಿ ಮದುವೆಯೇ ಆಗಲಿಲ್ಲ ಎನ್ನಬೇಕಾಗುತ್ತದೆ. ಆಸ್ಟಿನ್ ಇದನ್ನು ಬಲವಾಗಿ ತಳ್ಳಿಹಾಕುತ್ತಾರೆ. ಹಳೆಯ ಗ್ರೀಕ್ ನಾಟಕವೊಂದರಲ್ಲಿ, ನಾಲಿಗೆ ಆಣೆ ಇಟ್ಟಿತು, ಮನಸ್ಸು ಇಡಲಿಲ್ಲ ಎಂದು ಒಬ್ಬ ಹೇಳುತ್ತಾನೆ. ಈ ವಾದ ಒಪ್ಪಿದರೆ ಮೋಸಗಾರನಿಗೆ, ಸಾಲ ತೀರಿಸದವನಿಗೆ, ಎರಡನೆಯ ಹೆಂಡತಿಯನ್ನು ತಂದವನಿಗೆ ಎಲ್ಲರಿಗೂ ತಪ್ಪಿಸಿಕೊಳ್ಳುವ ಬಾಗಿಲು ತೆರೆದಂತೆ. ಆಡಿದ ಮಾತು ಕಟ್ಟಿಹಾಕುತ್ತದೆ, ಒಳಗೆ ಏನಿದ್ದರೂ. ಆಸ್ಟಿನ್‌ರ ಲೆಕ್ಕದಲ್ಲಿ ಇದು ಗುರಿ ತಪ್ಪಿದ ಮಾತಲ್ಲ, ಪೊಳ್ಳು ಮಾತು. ಕೆಲಸ ನಡೆದಿದೆ, ಆದರೆ ವಂಚನೆಯಾಗಿ ನಡೆದಿದೆ. ಆಡುವಾಗ ಪ್ರಾಮಾಣಿಕತೆ ಇಲ್ಲದಿರುವುದು ಒಂದು ಬಗೆ, ಆಡುವಾಗ ಇದ್ದು ಆಮೇಲೆ ಅದರಂತೆ ನಡೆಯದಿರುವುದು ಇನ್ನೊಂದು.

ಬಲವಂತದ ವಿಷಯ ಬೇರೆ. ಮನೆಯವರು ಹೊಡೆದು ಬಡಿದು ಕರೆತಂದು ಹೇಳಿಸಿದ ವಾಕ್ಯ ಪೊಳ್ಳೂ ಅಲ್ಲ, ಪೂರ್ತಿ ಗುರಿ ತಪ್ಪಿದ್ದೂ ಅಲ್ಲ. ಬಲವಂತ, ಅಪಘಾತ, ಪರಿವೆ ಇಲ್ಲದಿರುವುದು ಇವು ಮಾತಿಗೆ ಮಾತ್ರವಲ್ಲ, ಮನುಷ್ಯ ಮಾಡುವ ಯಾವ ಕೆಲಸಕ್ಕೂ ತಗಲುವ ದೋಷಗಳು ಎಂದು ಆಸ್ಟಿನ್ ಅವನ್ನು ತಮ್ಮ ಪಟ್ಟಿಯಿಂದ ಹೊರಗಿಟ್ಟರು. ಕಾನೂನು ಅದಕ್ಕೊಂದು ನಡುವಿನ ಮನೆ ಕಟ್ಟಿದೆ. ವಿಶೇಷ ವಿವಾಹ ಕಾಯ್ದೆಯ 25ನೇ ಕಲಂ ಪ್ರಕಾರ ಬಲವಂತದಿಂದ ಅಥವಾ ವಂಚನೆಯಿಂದ ಒಪ್ಪಿಗೆ ಪಡೆದ ಮದುವೆ ರದ್ದುಗೊಳಿಸಬಹುದಾದ ಮದುವೆ. ನ್ಯಾಯಾಲಯ ರದ್ದು ಮಾಡುವವರೆಗೆ ಅದು ನಿಲ್ಲುತ್ತದೆ. ಬಲವಂತ ನಿಂತ ಅಥವಾ ವಂಚನೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಮತ್ತು ಆ ಬಳಿಕ ಸ್ವಂತ ಇಚ್ಛೆಯಿಂದ ಜೊತೆಯಲ್ಲಿ ಬಾಳಿರಬಾರದು. ಒಂದು ವರ್ಷದ ಈ ಮಿತಿ ಗೊತ್ತಿಲ್ಲದೆ ಕಾಲ ಕಳೆದುಬಿಡುವ ಅಪಾಯವಿದೆ, ಆದ್ದರಿಂದ ಇದನ್ನು ನೆನಪಿನಲ್ಲಿಡಬೇಕು.

ಮಾಡುಮಾತು, ಹೇಳುಮಾತು ಎಂಬ ಗೆರೆ ಎಳೆದವರೇ ಕೊನೆಗೆ ಅದನ್ನು ಅಳಿಸಿದರು. ಏಕೆ ಎಂಬುದೂ ಇದೇ ಮೇಜಿನ ಮೇಲೆ ಕಾಣುತ್ತದೆ. ವಾಕ್ಯ ಹೇಳುವ ಮೊದಲು ಸಹಿ ಹಾಕುವ ಘೋಷಣಾ ಪತ್ರದಲ್ಲಿ "ನಾನು ಈಗ ಅವಿವಾಹಿತ", "ನನಗೆ ಇಷ್ಟು ವರ್ಷ ತುಂಬಿದೆ" ಎಂಬ ಸಾಲುಗಳಿರುತ್ತವೆ. ಇವು ಶುದ್ಧ ಹೇಳುಮಾತುಗಳು, ನಿಜ ಅಥವಾ ಸುಳ್ಳು ಆಗಬಲ್ಲವು. ಆದರೆ ಅದೇ ಪತ್ರದ ಕೊನೆಯಲ್ಲಿ, ಇದರಲ್ಲಿ ಸುಳ್ಳೆಂದು ತಿಳಿದೂ ಬರೆದಿದ್ದರೆ ಸೆರೆವಾಸಕ್ಕೂ ದಂಡಕ್ಕೂ ಗುರಿಯಾಗುತ್ತೇನೆಂದು ನನಗೆ ಗೊತ್ತು ಎಂಬ ಸಾಲೂ ಇದೆ. ಕಾಯ್ದೆಯ 45ನೇ ಕಲಂ ಆ ಶಿಕ್ಷೆಯನ್ನು ಹೇಳುತ್ತದೆ. ಅಂದರೆ ಅವಿವಾಹಿತ ಎಂದು ಹೇಳುವುದು ಬರೀ ತಿಳಿಸುವುದಲ್ಲ, ಹೊಣೆ ಹೊರುವುದು. ಅದೂ ಒಂದು ಕೆಲಸ. ಅದಕ್ಕೂ ತಕ್ಕ ವ್ಯಕ್ತಿ, ತಕ್ಕ ಜಾಗ, ಪ್ರಾಮಾಣಿಕತೆ ಬೇಕು. ಹಾಗೆ ನೋಡಿದರೆ ತಿಳಿಸುವುದು, ಆಣೆ ಇಡುವುದು, ಕೇಳಿಕೊಳ್ಳುವುದು, ಸ್ವೀಕರಿಸುವುದು ಎಲ್ಲವೂ ಮಾತಿನ ಕ್ರಿಯೆಗಳೇ. ಆಸ್ಟಿನ್ ಬಳಿ ಓದಿದ ಅಮೆರಿಕದ ಜಾನ್ ಸರ್ಲ್ ಇದನ್ನು ಮುಂದುವರಿಸಿ 1969ರಲ್ಲಿ ಮಾತಿನ ಕ್ರಿಯೆಗಳ ಬಗ್ಗೆ ಪುಸ್ತಕವನ್ನೇ ಬರೆದರು, ಆಮೇಲೆ ಅವನ್ನು ಐದು ಗುಂಪು ಮಾಡಿದರು. ಇಲ್ಲಿ ನಮಗೆ ಬೇಕಾದವು ಮೂರು: ಜಗತ್ತು ಹೀಗಿದೆ ಎಂದು ಹೊಣೆ ಹೊರುವ ಮಾತು, ಮುಂದೆ ಹೀಗೆ ಮಾಡುತ್ತೇನೆ ಎಂದು ತನ್ನನ್ನು ಕಟ್ಟಿಕೊಳ್ಳುವ ಮಾತು, ಆಡಿದೊಡನೆ ಜಗತ್ತನ್ನೇ ಬದಲಿಸುವ ಮಾತು. ಘೋಷಣಾ ಪತ್ರ ಮೊದಲನೆಯದು, ಸ್ವೀಕಾರದ ವಾಕ್ಯ ಮೂರನೆಯದು.

ಎರಡನೆಯದು ಕನ್ನಡದಲ್ಲಿ ಮೂರನೆಯದರ ಜೊತೆ ಬೆರೆತುಹೋಗುವ ಅಪಾಯವಿದೆ. "ನಿನ್ನನ್ನು ಪತ್ನಿಯಾಗಿ ಸ್ವೀಕರಿಸುತ್ತೇನೆ", "ನಿನ್ನನ್ನು ಮದುವೆಯಾಗುತ್ತೇನೆ" ಎರಡಕ್ಕೂ ಒಂದೇ ಪ್ರತ್ಯಯ, ಏಕೆಂದರೆ ನಮ್ಮ ಉತ್ತೇನೆ ವರ್ತಮಾನಕ್ಕೂ ಭವಿಷ್ಯಕ್ಕೂ ನಡೆಯುತ್ತದೆ. "ಇಗೋ, ಈ ಕ್ಷಣವೇ" ಎಂದು ಮುಂದೆ ಸೇರಿಸಿ ನೋಡಿ. ಇಗೋ, ಈ ಕ್ಷಣವೇ ಸ್ವೀಕರಿಸುತ್ತೇನೆ ಎಂಬುದು ಹೊಂದುತ್ತದೆ. "ಮದುವೆಯಾಗುತ್ತೇನೆ" ಎಂಬುದರ ಮುಂದೆ ಹೊಂದುವುದು "ಮುಂದಿನ ಮಾಘದಲ್ಲಿ". ಮೊದಲನೆಯದು ಮದುವೆ, ಎರಡನೆಯದು ಮದುವೆಯ ವಚನ. ವಚನದಿಂದ ಯಾರೂ ಗಂಡ ಹೆಂಡತಿ ಆಗುವುದಿಲ್ಲ. ಆದರೆ ಅದೂ ಆಡಿದ ಕ್ಷಣದಲ್ಲೇ ನಡೆದುಹೋದ ಕೆಲಸ: ಒಬ್ಬರು ಬಾಧ್ಯತೆ ಹೊತ್ತರು, ಇನ್ನೊಬ್ಬರಿಗೆ ನಿರೀಕ್ಷಿಸುವ ಹಕ್ಕು ಬಂತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಕೈ ಹಾಕುವುದು ಇಲ್ಲಿಗೆ. ನೆರವೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ವಚನ ಕೊಟ್ಟು ಹೆಣ್ಣಿನೊಂದಿಗೆ ಲೈಂಗಿಕ ಸಂಪರ್ಕ ಮಾಡಿದರೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು ದಂಡ. ವಚನ ಈಡೇರಲಿಲ್ಲ ಎಂಬುದೊಂದೇ ಇಲ್ಲಿ ಸಾಲದು, ಕೊಟ್ಟಾಗಲೇ ಉದ್ದೇಶ ಇರಲಿಲ್ಲ ಎಂಬುದು ಬೇಕು. ಈ ಕಲಂ ಬರುವ ಮೊದಲೇ, 2019ರ ಆಗಸ್ಟ್‌ನಲ್ಲಿ, ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸುಳ್ಳು ವಚನ ಬೇರೆ, ಮುರಿದ ವಚನ ಬೇರೆ ಎಂದು ಬಿಡಿಸಿ ಹೇಳಿತ್ತು. ಅರವತ್ತು ವರ್ಷಕ್ಕೂ ಹಿಂದೆ ಆಸ್ಟಿನ್ ಪೊಳ್ಳು ಮಾತಿನಲ್ಲಿ ಕಂಡ ಎರಡು ಬಗೆಗಳೇ ಇವು. ನಿಜವಾಗಿ ಮದುವೆಯಾಗಬೇಕೆಂದೇ ಹೇಳಿ, ಆಮೇಲೆ ಮನೆಯವರ ವಿರೋಧಕ್ಕೋ ಜಗಳಕ್ಕೋ ಮನಸ್ಸು ಬದಲಿಸಿದವನು ವಚನ ಮುರಿದವನು. ಹೇಳಿದ ದಿನವೇ ಬೇರೆ ಕಡೆ ನಿಶ್ಚಿತಾರ್ಥ ಮುಗಿಸಿಕೊಂಡು, ಅದನ್ನು ಮುಚ್ಚಿಟ್ಟು ಹೇಳಿದವನು ಸುಳ್ಳು ವಚನ ಕೊಟ್ಟವನು. ಹೊರಗೆ ಇಬ್ಬರ ಬಾಯಿಂದ ಬಂದ ಪದಗಳೂ ಒಂದೇ, ಮದುವೆ ಆಗಲಿಲ್ಲ ಎಂಬ ಫಲವೂ ಒಂದೇ. ಹಾಗಾಗಿ ಮದುವೆ ತಪ್ಪಿದ ದಿನವನ್ನು ಮಾತ್ರ ನೋಡಿದರೆ ವ್ಯತ್ಯಾಸ ಸಿಗುವುದಿಲ್ಲ. ನೋಡಬೇಕಾದದ್ದು ಮಾತು ಆಡಿದ ದಿನವನ್ನು: ಆಗ ಅವನಿಗೆ ಈಗಾಗಲೇ ಹೆಂಡತಿ ಇದ್ದಳೇ, ಮನೆಯಲ್ಲಿ ಹೆಣ್ಣು ಗೊತ್ತಾಗಿತ್ತೇ, ಆ ವಾರ ಇನ್ನೊಬ್ಬರಿಗೆ ಕಳಿಸಿದ ಸಂದೇಶದಲ್ಲಿ ಏನು ಬರೆದಿದ್ದ, ಅವಳನ್ನು ತನ್ನವರಿಗೆ ಪರಿಚಯಿಸಿದ್ದನೇ.